ಟ್ರಯಲ್‌ ಅನ್ನು ನಡುವೆ ಯಾವಾಗ ನಿಲ್ಲಿಸುತ್ತೀರಿ? ಎಥಿಕ್ಸ್ ಕಮಿಟಿಗೆ ಮಧ್ಯಂತರ ವಿಶ್ಲೇಷಣೆ ಮತ್ತು ನಿಲುಗಡೆ ನಿಯಮ ವಿವರಿಸುವ ಸಮಗ್ರ ಮಾರ್ಗದರ್ಶಿ

‘ಅರ್ಧದಷ್ಟು ರೋಗಿಗಳು ಸೇರಿದ ನಂತರ ಓಬ್ರಿಯನ್–ಫ್ಲೆಮಿಂಗ್ ವಿಧಾನದಂತೆ ಮಧ್ಯಂತರ ವಿಶ್ಲೇಷಣೆ ನಡೆಸಲಾಗುವುದು. ಡಿಎಸ್‌ಎಂಬಿ ಸೂಕ್ತ ಶಿಫಾರಸು ಮಾಡುವುದು.’ ಎಷ್ಟೋ ಪ್ರೋಟೋಕಾಲ್‌ಗಳಲ್ಲಿ ಈ ಭಾಗ ಇಷ್ಟಕ್ಕೇ ಮುಗಿಯುತ್ತದೆ. ಬರೆದಿರುವುದರಲ್ಲಿ ತಪ್ಪೇನಿಲ್ಲ. ಆದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರಚನೆಯಾದ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರ ಜೊತೆ ಕಾನೂನು ತಿಳಿದವರು ಇರುತ್ತಾರೆ, ಜನಸಾಮಾನ್ಯರ ಪರವಾಗಿ ಕೂರುವವರೂ ಇರುತ್ತಾರೆ. ಈ ಎರಡು ವಾಕ್ಯ ಓದಿ ಅವರು ಏನನ್ನು ಒಪ್ಪಬೇಕು, ಏನನ್ನು ಪ್ರಶ್ನಿಸಬೇಕು? ಅವರಿಗೆ ಬೇಕಾಗಿರುವುದು ಸೂತ್ರವಲ್ಲ. ಎಷ್ಟು ಜನ ಸತ್ತರೆ ನಿಲ್ಲಿಸುತ್ತೀರಿ, ಎಷ್ಟು ಜನ ಸತ್ತರೂ ಮುಂದುವರಿಸುತ್ತೀರಿ, ಅದನ್ನು ನೋಡುವವರು ಯಾರು ಎಂಬ ನೇರ ಉತ್ತರ ಬೇಕು. ಆ ಉತ್ತರವನ್ನು ಸಾವಿನ ಲೆಕ್ಕದಲ್ಲೇ ಬರೆದುಕೊಡಬಹುದು, ಬರೆದುಕೊಡಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಒಂದು ಕಲ್ಪಿತ ಟ್ರಯಲ್ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ನಮ್ಮ ಜಿಲ್ಲಾಸ್ಪತ್ರೆಗಳ ಐಸಿಯುಗಳಿಗೆ ಚೆನ್ನಾಗಿ ಪರಿಚಯವಿರುವ ಕಾಯಿಲೆಯನ್ನೇ ತೆಗೆದುಕೊಳ್ಳುತ್ತೇನೆ: ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷ. ಎಲ್ಲ ರೋಗಿಗಳಿಗೂ ಅಟ್ರೋಪಿನ್, ವೆಂಟಿಲೇಟರ್ ಸೇರಿದಂತೆ ಎಂದಿನ ಚಿಕಿತ್ಸೆ ಇರುತ್ತದೆ. ಅದರ ಮೇಲೆ ಅರ್ಧ ಜನರಿಗೆ ಮೆಗ್ನೀಸಿಯಮ್ ಸಲ್ಫೇಟ್, ಉಳಿದರ್ಧಕ್ಕೆ ಬರೀ ಸಲೈನ್. ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿರುವುದಿಲ್ಲ. ಮುಖ್ಯ ಫಲಿತಾಂಶ 28 ದಿನದೊಳಗಿನ ಸಾವು. ಸಲೈನ್ ಗುಂಪಿನಲ್ಲಿ ನೂರಕ್ಕೆ 20 ಜನ ಸಾಯಬಹುದು, ಮೆಗ್ನೀಸಿಯಮ್ ಅದನ್ನು 12ಕ್ಕೆ ಇಳಿಸಬಹುದು ಎಂಬ ಅಂದಾಜು. ಇದನ್ನು ಶೇ. 80ರ ಪವರ್‌ನಲ್ಲಿ ಪತ್ತೆ ಮಾಡಲು ಗುಂಪಿಗೆ ಸುಮಾರು 330 ಜನ ಬೇಕು. ನಡುವೆ ಒಮ್ಮೆ ನೋಡುವುದಕ್ಕೆ ಮತ್ತು ಕೈಬಿಟ್ಟು ಹೋಗುವವರಿಗಾಗಿ ಸ್ವಲ್ಪ ಸೇರಿಸಿ 340 ಮಾಡಿಕೊಳ್ಳೋಣ. ಒಟ್ಟು 680.

ಹೆಜ್ಜೆ 1: ನಡುವೆ ನೋಡುವುದು ಯಾಕೆಂದು ಮೊದಲ ವಾಕ್ಯದಲ್ಲೇ ಹೇಳಿ

ಕಾರಣ ಮೂರರಲ್ಲಿ ಒಂದಿರಬಹುದು, ಮೂರೂ ಇರಬಹುದು: ಔಷಧ ನಿಸ್ಸಂದೇಹವಾಗಿ ಜೀವ ಉಳಿಸುತ್ತಿದೆ, ಔಷಧ ಹಾನಿ ಮಾಡುತ್ತಿದೆ, ಅಥವಾ ಇನ್ನೆಷ್ಟು ಜನರನ್ನು ಸೇರಿಸಿದರೂ ಪ್ರಯೋಜನ ಕಾಣುವ ಸಾಧ್ಯತೆ ಉಳಿದಿಲ್ಲ. ಮೂರಕ್ಕೂ ಬೇರೆ ಬೇರೆ ಗೆರೆ ಬೇಕು. ಒಂದೇ ಗೆರೆಯಲ್ಲಿ ಮೂರನ್ನೂ ಮುಗಿಸಿದ ಪ್ರೋಟೋಕಾಲ್ ಕಂಡರೆ ಕಮಿಟಿ ಅಲ್ಲಿಯೇ ತಡೆದು ಕೇಳುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಡಿ. ಮೆಗ್ನೀಸಿಯಮ್ ಹೋಗುತ್ತಿರುವಾಗ ಒಬ್ಬ ರೋಗಿಯ ಬಿಪಿ ಕುಸಿದರೆ, ಮಂಡಿಯ ರಿಫ್ಲೆಕ್ಸ್ ಮಾಯವಾದರೆ ಆ ರೋಗಿಗೆ ಡ್ರಿಪ್ ನಿಲ್ಲಿಸುತ್ತೀರಿ. ಅದು ಆ ಒಬ್ಬರ ಚಿಕಿತ್ಸೆಗೆ ಸಂಬಂಧಿಸಿದ ನಿರ್ಧಾರ. ಹಾಗೆಯೇ ಪ್ರತಿ ಸಾವನ್ನೂ ಗಂಭೀರ ಪ್ರತಿಕೂಲ ಘಟನೆಯೆಂದು 24 ಗಂಟೆಯೊಳಗೆ ತಿಳಿಸುವ ಕೆಲಸ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಇಡೀ ಟ್ರಯಲ್ ನಿಲ್ಲಿಸುವ ನಿಯಮ ಇವೆರಡರಿಂದಲೂ ಬೇರೆ. ಮೂರನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ, ‘ಒಬ್ಬರು ಸತ್ತರೂ ಟ್ರಯಲ್ ನಿಲ್ಲುತ್ತದಲ್ಲವೇ?’ ಎಂದು ಸದಸ್ಯರು ಕೇಳುತ್ತಾರೆ. ಕೇಳುವುದು ಸಹಜ.

ಹೆಜ್ಜೆ 2: ಯಾವಾಗ ನೋಡುತ್ತೀರಿ ಎಂಬುದನ್ನು ತಿಂಗಳಲ್ಲಿ ಹೇಳಬೇಡಿ

‘ಒಂದು ವರ್ಷದ ನಂತರ’ ಎಂದು ಬರೆದರೆ, ಆ ಹೊತ್ತಿಗೆ 90 ಜನ ಸೇರಿರಬಹುದು, 400 ಜನರೂ ಸೇರಿರಬಹುದು. ನಿಲುಗಡೆಯ ಗೆರೆ ಎಷ್ಟು ಮಾಹಿತಿ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ, ಕ್ಯಾಲೆಂಡರ್ ಮೇಲಲ್ಲ. ನಮ್ಮ ಉದಾಹರಣೆಯಲ್ಲಿ ಹೀಗೆ ಬರೆಯಬೇಕು: ‘ಮೊದಲ 340 ರೋಗಿಗಳ 28 ದಿನದ ಫಲಿತಾಂಶ ಪೂರ್ತಿಯಾಗಿ ತಿಳಿದ ಮೇಲೆ.’ ‘340 ಜನ ಸೇರಿದಾಗ’ ಎಂದರೆ ಸಾಲದು. ನಿನ್ನೆ ಸೇರಿದ ರೋಗಿ ಬದುಕುತ್ತಾನೋ ಇಲ್ಲವೋ ಇವತ್ತು ಗೊತ್ತಾಗುವುದಿಲ್ಲ.

ಇದರಿಂದ ಹುಟ್ಟುವ ಒಂದು ವಿಷಯವನ್ನು ಪ್ರೋಟೋಕಾಲ್‌ಗಳು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. 340ನೇ ರೋಗಿ ಸೇರಿದ ಮೇಲೆ 28 ದಿನ ಕಾಯಬೇಕು. ಡೇಟಾ ಶುದ್ಧ ಮಾಡಿ, ವರದಿ ಸಿದ್ಧಪಡಿಸಿ, ಡಿಎಸ್‌ಎಂಬಿ ಎಂಬ ಸ್ವತಂತ್ರ ನಿಗಾ ಮಂಡಳಿಯ ಸಭೆ ಸೇರಲು ಇನ್ನೊಂದು ತಿಂಗಳು ಹಿಡಿಯುತ್ತದೆ. ತಿಂಗಳಿಗೆ 20 ರೋಗಿಗಳು ಸೇರುತ್ತಿದ್ದರೆ, ತೀರ್ಮಾನ ಬರುವಷ್ಟರಲ್ಲಿ ಇನ್ನೂ ಸುಮಾರು 40 ಜನ ಟ್ರಯಲ್‌ಗೆ ಬಂದಿರುತ್ತಾರೆ. ಔಷಧ ಹಾನಿಕರವಾಗಿದ್ದರೆ ಅದರ ಭಾರ ಹೊರುವವರು ಆ 40 ಜನ. ಅಷ್ಟು ದಿನ ಸೇರ್ಪಡೆ ತಡೆಹಿಡಿಯುತ್ತೀರಾ, ಮುಂದುವರಿಸುತ್ತೀರಾ? ಯಾವುದಾದರೂ ಸರಿ, ಕಾರಣ ಕೊಟ್ಟು ಬರೆಯಿರಿ. ಇಲ್ಲಿ ಮುಂದುವರಿಸಬಹುದು ಎನ್ನುತ್ತೇನೆ. ಮೆಗ್ನೀಸಿಯಮ್ ಹಳೆಯ, ಪರಿಚಿತ ಔಷಧ. ಮೇಲಾಗಿ ಪ್ರತಿ 100 ರೋಗಿಗಳಿಗೊಮ್ಮೆ ನಿಗಾ ಮಂಡಳಿ ಎರಡೂ ಗುಂಪಿನ ಸಾವು ಮತ್ತು ತೊಂದರೆಗಳ ಪಟ್ಟಿಯನ್ನು ಸುರಕ್ಷತೆಯ ದೃಷ್ಟಿಯಿಂದ ನೋಡುತ್ತಿರುತ್ತದೆ. ಮನುಷ್ಯರಿಗೆ ಮೊದಲ ಬಾರಿ ಕೊಡುವ ಔಷಧವಾಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ಹೆಜ್ಜೆ 3: ಗೆರೆ ಇಷ್ಟು ಕಠಿಣ ಯಾಕೆಂದು ವಿವರಿಸಿ

ಸಭೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಪ್ರಯೋಜನವೇ ಇಲ್ಲದ ಔಷಧವೊಂದು ಆಕಸ್ಮಿಕವಾಗಿ ಒಳ್ಳೆಯದಾಗಿಯೋ ಕೆಟ್ಟದ್ದಾಗಿಯೋ ಕಂಡುಬಿಡುವ ಅಪಾಯವನ್ನು ನೂರಕ್ಕೆ 5ಕ್ಕೆ ಕಟ್ಟಿಹಾಕುತ್ತೇವೆ ಎಂಬುದು ಟ್ರಯಲ್‌ನ ಮೂಲ ಒಪ್ಪಂದ. ಅದೇ 5ರ ಅಳತೆಗೋಲು ಹಿಡಿದು ನಡುವೆ ಒಮ್ಮೆ, ಕೊನೆಗೊಮ್ಮೆ ನೋಡಿದರೆ ಆ ಅಪಾಯ 8.3ಕ್ಕೆ ಏರುತ್ತದೆ. ಸಮ ಅಂತರದಲ್ಲಿ ಐದು ಸಲ ನೋಡಿದರೆ 14 ದಾಟುತ್ತದೆ. ಅದಕ್ಕಾಗಿ ಒಟ್ಟು 5 ಅನ್ನು ಎರಡು ನೋಟಗಳಿಗೆ ಹಂಚಬೇಕು. ಓಬ್ರಿಯನ್ ಮತ್ತು ಫ್ಲೆಮಿಂಗ್ 1979ರಲ್ಲಿ ಕೊಟ್ಟ ಮಾದರಿಯಲ್ಲಿ ಮೊದಲ ನೋಟಕ್ಕೆ ಬಹಳ ಕಡಿಮೆ ಪಾಲು, ಕೊನೆಗೆ ಬಹುಪಾಲು ಪೂರ್ತಿ. 1983ರಲ್ಲಿ ಲ್ಯಾನ್ ಮತ್ತು ಡಿಮೆಟ್ಸ್ ಇದನ್ನು ಸಡಿಲಗೊಳಿಸಿದರು. ನೋಟ ಸರಿಯಾಗಿ ಅರ್ಧಕ್ಕೇ ಬೀಳದೆ 340ರ ಬದಲು 352 ಜನರಿದ್ದರೂ ಗೆರೆಯನ್ನು ತಕ್ಕಂತೆ ಮತ್ತೆ ಲೆಕ್ಕ ಹಾಕಬಹುದು. ಸರ್ಕಾರಿ ಆಸ್ಪತ್ರೆಯ ಐಸಿಯುನಲ್ಲಿ ನಡೆಯುವ ಟ್ರಯಲ್‌ಗೆ ಈ ಅನುಕೂಲ ಬೇಕೇ ಬೇಕು.

ಗೆರೆಯ ಬೆಲೆಯನ್ನು ಆರ್ ತಂತ್ರಾಂಶದಲ್ಲಿ ಹೀಗೆ ಪಡೆಯಬಹುದು:

```r
library(gsDesign)
gsDesign(k = 2, test.type = 2, alpha = 0.025,
         beta = 0.2, sfu = sfLDOF)
```

ಇಲ್ಲಿ 0.025 ಎನ್ನುವುದು ಒಂದು ಬದಿಯ ಬೆಲೆ, ಎರಡೂ ಬದಿ ಸೇರಿ 0.05. ಉತ್ತರ: ಝಡ್-ವ್ಯಾಲ್ಯೂ ಲೆಕ್ಕದಲ್ಲಿ ಮೊದಲ ನೋಟದ ಗೆರೆ 2.963, ಕೊನೆಯದು 1.969. ಪಿ-ವ್ಯಾಲ್ಯೂ ಲೆಕ್ಕದಲ್ಲಿ ಕ್ರಮವಾಗಿ ಸುಮಾರು 0.003 ಮತ್ತು 0.049. ಈ ನಾಲ್ಕು ಸಂಖ್ಯೆಗಳು ಪ್ರೋಟೋಕಾಲ್‌ನ ಸಂಖ್ಯಾಶಾಸ್ತ್ರದ ಭಾಗದಲ್ಲಿರಲಿ. ಕಮಿಟಿಗೆ ಕೊಡುವ ಸಾರಾಂಶದಲ್ಲಿ ಮುಂದಿನ ಹೆಜ್ಜೆಯ ಸಂಖ್ಯೆಗಳಿರಬೇಕು.

ಹೆಜ್ಜೆ 4: ಗೆರೆಯನ್ನು ಸಾವಿನ ಲೆಕ್ಕಕ್ಕೆ ಇಳಿಸಿ

ಮೊದಲ ನೋಟದಲ್ಲಿ ಗುಂಪಿಗೆ 170 ಜನ. ಅಂದಾಜಿನಂತೆಯೇ ಸಲೈನ್ ಗುಂಪಿನಲ್ಲಿ 34 ಜನ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಮೆಗ್ನೀಸಿಯಮ್ ಗುಂಪಿನಲ್ಲಿ 20 ಸಾವು. ನಾವು ಆಸೆಪಟ್ಟಷ್ಟೇ ಪ್ರಯೋಜನ ಕಾಣುತ್ತಿದೆ, ಪಿ-ವ್ಯಾಲ್ಯೂ ಸುಮಾರು 0.038. ಆದರೂ ಟ್ರಯಲ್ ನಿಲ್ಲುವುದಿಲ್ಲ. 15 ಸಾವಾದರೂ ನಿಲ್ಲುವುದಿಲ್ಲ, ಕೂದಲೆಳೆಯಲ್ಲಿ ತಪ್ಪುತ್ತದೆ. 14 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಗೆರೆ ದಾಟುತ್ತದೆ.

ಇದನ್ನು ಬರೆದ ಕೂಡಲೇ ಕಮಿಟಿಯಿಂದ ಬರುವ ಪ್ರಶ್ನೆ ನಿಮಗೆ ಗೊತ್ತೇ ಇದೆ: ‘34ಕ್ಕೆ 20 ಎಂದರೆ 14 ಜೀವ ಉಳಿದಿದೆ. ಗೊತ್ತಿದ್ದೂ ಇನ್ನರ್ಧ ಟ್ರಯಲ್‌ನಲ್ಲಿ ಅರ್ಧ ಜನರಿಗೆ ಸಲೈನ್ ಕೊಡುತ್ತೀರಾ?’ ಈ ಪ್ರಶ್ನೆಗೆ ಉತ್ತರ ಪ್ರೋಟೋಕಾಲ್‌ನಲ್ಲೇ ಇರಬೇಕು, ಸಭೆಯಲ್ಲಿ ಹೊಳೆಯಲಿ ಎಂದು ಕಾಯಬಾರದು. ಉತ್ತರ ಇದು: ಅರ್ಧ ದಾರಿಯಲ್ಲಿ ‘ಗೊತ್ತಾಗಿದೆ’ ಎಂದು ಅನ್ನಿಸುವುದು ಎಷ್ಟೋ ಸಲ ನಿಜವಾಗಿರುವುದಿಲ್ಲ. ಬ್ರಿಟನ್ನಿನ ಎಂಆರ್‌ಸಿ ಎಎಂಎಲ್12 ಟ್ರಯಲ್ ಇದಕ್ಕೆ ಒಳ್ಳೆಯ ನಿದರ್ಶನ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾಗೆ ನಾಲ್ಕು ಸುತ್ತು ಕೀಮೋ ಸಾಕೇ, ಐದನೆಯದೂ ಬೇಕೇ ಎಂಬುದು ಅಲ್ಲಿನ ಒಂದು ಪ್ರಶ್ನೆ. ಆರಂಭದ ನೋಟಗಳಲ್ಲಿ ಐದನೇ ಸುತ್ತಿನಿಂದ ಸಾವು ಅರ್ಧಕ್ಕೆ ಇಳಿದಂತೆ ಕಂಡಿತ್ತು. ನಿಗಾ ಸಮಿತಿ ಅದನ್ನು ನಂಬದೆ ಮುಂದುವರಿಸಲು ಹೇಳಿತು. ಕೊನೆಗೆ ಎರಡು ಗುಂಪಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಆಗಲೇ ನಿಲ್ಲಿಸಿದ್ದರೆ ಮುಂದೆ ಬಂದ ರೋಗಿಗಳೆಲ್ಲ ಬೇಕಿಲ್ಲದ ಒಂದು ಸುತ್ತು ಕೀಮೋ ಸಹಿಸಬೇಕಾಗುತ್ತಿತ್ತು. ನಮ್ಮ ಟ್ರಯಲ್‌ಗೂ ಇದು ಅನ್ವಯಿಸುತ್ತದೆ: ಟ್ರಯಲ್‌ನೊಳಗಿನ 340 ಜನರ ಜೊತೆಗೆ ಹೊರಗೆ ಮುಂದೆ ಬರಲಿರುವ ರೋಗಿಗಳೂ ಈ ತೀರ್ಮಾನದ ಪಾಲುದಾರರು.

ಸಲೈನ್ ಗುಂಪಿನ ಸಾವು 34 ಅಲ್ಲದಿದ್ದರೆ ಗೆರೆಯೂ ಸರಿಯುತ್ತದೆ. ಅಲ್ಲಿ 25 ಸಾವಷ್ಟೇ ಆಗಿದ್ದರೆ ಮೆಗ್ನೀಸಿಯಮ್ ಗುಂಪಿನಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಎರಡು ಮೂರು ಸಂದರ್ಭಗಳ ಲೆಕ್ಕ ಕೊಡಿ, ಮತ್ತು ಇವು ಉದಾಹರಣೆಗಳು, ಅಂತಿಮ ಗೆರೆ ನೋಟದ ದಿನದ ಲೆಕ್ಕವೇ ಎಂದು ಒಂದು ವಾಕ್ಯ ಸೇರಿಸಿ.

ಹೆಜ್ಜೆ 5: ಹಾನಿಗೆ ಬೇರೆ ಗೆರೆ, ಅದು ಮೆತ್ತಗಿರಲಿ

ಪ್ರಯೋಜನವನ್ನು ಸಾಬೀತುಪಡಿಸಲು ಬೇಕಾದಷ್ಟೇ ಪುರಾವೆಯನ್ನು ಹಾನಿಗೂ ಕೇಳಬಾರದು. ಮೆಗ್ನೀಸಿಯಮ್ ಕೊಲ್ಲುತ್ತದೆ ಎಂದು 0.003ರ ಮಟ್ಟದಲ್ಲಿ ತೋರಿಸಿದರೆ ಯಾರಿಗೂ ಲಾಭವಿಲ್ಲ. ಆ ಪುರಾವೆಯ ಬೆಲೆಯನ್ನು ತೆರುವವರು ರೋಗಿಗಳು. ಅದಕ್ಕೆ ಹಾನಿಯ ಗೆರೆಯನ್ನು ಒಂದು ಬದಿಯ 0.05ಕ್ಕೆ ಇಡೋಣ. ಸಲೈನ್‌ನಲ್ಲಿ 34 ಸಾವಾಗಿದ್ದರೆ ಮೆಗ್ನೀಸಿಯಮ್‌ನಲ್ಲಿ 47 ಆದ ಕೂಡಲೇ ಗೆರೆ ಮುಟ್ಟುತ್ತದೆ. ಅಂದರೆ ಒಳಿತಿಗೆ ನಿಲ್ಲಿಸಲು 20 ಸಾವು ಕಡಿಮೆಯಾಗಬೇಕು, ಕೆಡುಕಿಗೆ ನಿಲ್ಲಿಸಲು 13 ಹೆಚ್ಚಾದರೆ ಸಾಕು. ಈ ಒಂದು ವಾಕ್ಯ ಕಮಿಟಿಗೆ ಪಿ-ವ್ಯಾಲ್ಯೂಗಳ ಇಡೀ ಪುಟಕ್ಕಿಂತ ಹೆಚ್ಚು ತಿಳಿಸುತ್ತದೆ.

‘ಎಲ್ಲರೂ ಬಳಸುವ ಚಿಕಿತ್ಸೆ, ಹಾನಿ ಎಲ್ಲಿಂದ ಬಂತು’ ಎನ್ನುವ ಸದಸ್ಯರಿಗೆ ಫೀಸ್ಟ್ ಟ್ರಯಲ್ ನೆನಪಿಸಿ. ಕೀನ್ಯಾ, ಉಗಾಂಡ ಮತ್ತು ಟಾಂಜಾನಿಯಾದಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ ಮಕ್ಕಳಿಗೆ ಬೇಗ ಬೇಗ ಫ್ಲೂಯಿಡ್ ಏರಿಸುವುದರ ಪರೀಕ್ಷೆ ಅದು. ಫ್ಲೂಯಿಡ್ ಜೀವ ಉಳಿಸುತ್ತದೆ ಎಂಬ ನಂಬಿಕೆ ಎಲ್ಲೆಡೆ ಇತ್ತು. ಯೋಜಿಸಿದ್ದ 3600 ಮಕ್ಕಳಲ್ಲಿ 3141 ಮಕ್ಕಳು ಸೇರಿದ್ದಾಗ, 2011ರ ಜನವರಿಯಲ್ಲಿ, ನಿಗಾ ಸಮಿತಿಯ ಸಲಹೆಯಂತೆ ಸೇರ್ಪಡೆ ನಿಂತಿತು. 48 ಗಂಟೆಯೊಳಗಿನ ಸಾವು ಫ್ಲೂಯಿಡ್ ಏರಿಸಿದ ಎರಡು ಗುಂಪುಗಳಲ್ಲಿ ನೂರಕ್ಕೆ 10.6 ಮತ್ತು 10.5, ಏರಿಸದ ಗುಂಪಿನಲ್ಲಿ 7.3.

ಮೂರನೆಯದು ವ್ಯರ್ಥತೆಯ ಗೆರೆ. ಈಗಿನ ಲೆಕ್ಕ ಹೀಗಿರುವಾಗ, ಉಳಿದರ್ಧದಲ್ಲಿ ನಾವು ಆಸೆಪಟ್ಟಷ್ಟು ಪ್ರಯೋಜನ ನಿಜಕ್ಕೂ ಇದ್ದರೂ, ಕೊನೆಗೆ ಗೆಲ್ಲುವ ಸಂಭವ ಎಷ್ಟು ಎಂದು ಕೇಳುತ್ತೇವೆ. ಎರಡೂ ಗುಂಪಿನಲ್ಲಿ 34 ಸಾವಾಗಿದ್ದರೆ ಅದು ಸುಮಾರು ಶೇ. 22. ಮೆಗ್ನೀಸಿಯಮ್‌ನಲ್ಲಿ 35 ಆದರೆ ಸುಮಾರು 18. ಶೇ. 20ಕ್ಕಿಂತ ಕೆಳಗಿಳಿದರೆ ನಿಲ್ಲಿಸುವ ಸಲಹೆ ಕೊಡಬಹುದು ಎಂದು ಇಡೋಣ. ಇದು ಮಂಡಳಿಯನ್ನು ಕಟ್ಟಿಹಾಕದ ಗೆರೆ ಎಂದೂ ಬರೆಯಿರಿ. ಸುರಕ್ಷತೆಯ ಮಾಹಿತಿ ಇನ್ನಷ್ಟು ಬೇಕೆನಿಸಿದರೆ ಅವರು ಮುಂದುವರಿಸಬಹುದು, ಅದರಿಂದ 5ರ ಒಪ್ಪಂದಕ್ಕೆ ಧಕ್ಕೆ ಬರುವುದಿಲ್ಲ.

ಈಗ ಇಡೀ ನಿಯಮ ನಾಲ್ಕು ಸಾಲಿಗೆ ಇಳಿಯಿತು. ಸಲೈನ್ ಗುಂಪಿನಲ್ಲಿ 34 ಸಾವಿದ್ದಾಗ, ಮೆಗ್ನೀಸಿಯಮ್ ಗುಂಪಿನಲ್ಲಿ:

- 14 ಅಥವಾ ಕಡಿಮೆ: ಪ್ರಯೋಜನ ಸ್ಪಷ್ಟ, ನಿಲ್ಲಿಸಲು ಸಲಹೆ
- 15ರಿಂದ 34: ಮುಂದುವರಿಕೆ
- 35ರಿಂದ 46: ವ್ಯರ್ಥವೆಂದು ನಿಲ್ಲಿಸುವ ಬಗ್ಗೆ ಚರ್ಚೆ
- 47 ಅಥವಾ ಹೆಚ್ಚು: ಹಾನಿಯ ಕಾರಣಕ್ಕೆ ನಿಲ್ಲಿಸಲು ಸಲಹೆ

ಈ ಪಟ್ಟಿಯನ್ನು ಸಾರಾಂಶದ ಮೊದಲ ಪುಟದಲ್ಲೇ ಹಾಕಿ.

ಹೆಜ್ಜೆ 6: ಯಾರು ನೋಡುತ್ತಾರೆ, ಯಾರು ನೋಡುವುದಿಲ್ಲ

ಡಿಎಸ್‌ಎಂಬಿ, ಅಂದರೆ ದತ್ತಾಂಶ ಮತ್ತು ಸುರಕ್ಷತಾ ನಿಗಾ ಮಂಡಳಿಯಲ್ಲಿ ಕನಿಷ್ಠ ಒಬ್ಬ ಐಸಿಯು ಅಥವಾ ವಿಷಚಿಕಿತ್ಸೆ ಬಲ್ಲ ವೈದ್ಯರು, ಒಬ್ಬ ಸ್ಟಾಟಿಸ್ಟಿಷಿಯನ್, ಟ್ರಯಲ್‌ಗೂ ಔಷಧ ಕಂಪನಿಗೂ ಸಂಬಂಧವಿಲ್ಲದ ಇನ್ನೊಬ್ಬರು ಇರಲಿ. ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಅಥವಾ ಅವರದೇ ವಿಭಾಗದ ಸಹೋದ್ಯೋಗಿ ಅಲ್ಲಿದ್ದರೆ ಕಮಿಟಿ ಒಪ್ಪಬಾರದು. ಗುಂಪುವಾರು ಲೆಕ್ಕ ತಯಾರಿಸುವ ಸ್ಟಾಟಿಸ್ಟಿಷಿಯನ್ ಕೂಡ ಟ್ರಯಲ್‌ನ ದಿನನಿತ್ಯದ ಕೆಲಸದಿಂದ ಹೊರಗಿರಬೇಕು.

ಮಂಡಳಿಯಿಂದ ಹೊರಗೆ ಬರುವ ಪತ್ರದಲ್ಲಿ ಏನಿರುತ್ತದೆ ಎಂಬುದನ್ನೂ ಮೊದಲೇ ಬರೆದಿಡಿ: ‘ಬದಲಾವಣೆಯಿಲ್ಲದೆ ಮುಂದುವರಿಸಬಹುದು’, ‘ಈ ಬದಲಾವಣೆಯೊಂದಿಗೆ ಮುಂದುವರಿಸಬಹುದು’, ‘ಸೇರ್ಪಡೆ ನಿಲ್ಲಿಸಿ’ ಇವುಗಳಲ್ಲಿ ಒಂದು. ಮುಂದುವರಿಯಬಹುದಾದರೆ ಸಂಖ್ಯೆಗಳು ಹೊರಬರಬಾರದು. ಎಥಿಕ್ಸ್ ಕಮಿಟಿಗೂ ಬರಬಾರದು. ಇದು ಸದಸ್ಯರಿಗೆ ಇರಿಸುಮುರಿಸು ತರುವ ಮಾತು, ಆದರೂ ಮುಚ್ಚಿಡದೆ ಹೇಳಿ. ಕಮಿಟಿಯಲ್ಲಿ ಅದೇ ಆಸ್ಪತ್ರೆಯ ವೈದ್ಯರೂ ಇರುತ್ತಾರೆ. 34ಕ್ಕೆ 20 ಎಂಬ ಸುದ್ದಿ ಐಸಿಯುವರೆಗೆ ತಲುಪಿದರೆ, ಮರುದಿನದಿಂದ ಗಂಭೀರ ರೋಗಿಗಳನ್ನು ಟ್ರಯಲ್‌ಗೆ ಸೇರಿಸದೆ ನೇರವಾಗಿ ಮೆಗ್ನೀಸಿಯಮ್ ಕೊಡಲು ಶುರುವಾಗುತ್ತದೆ. ಆಮೇಲೆ ಉಳಿಯುವ ಟ್ರಯಲ್‌ನಿಂದ ಯಾವ ಉತ್ತರವೂ ಸಿಗುವುದಿಲ್ಲ. ಸಂಖ್ಯೆಗಳ ಬದಲು ಕಮಿಟಿ ಸಭೆಯ ದಿನಾಂಕ, ಎಷ್ಟು ಜನರ ಡೇಟಾ ನೋಡಲಾಯಿತು ಮತ್ತು ಸಹಿ ಮಾಡಿದ ಶಿಫಾರಸು ಇವನ್ನು ಕೇಳಿ ಪಡೆಯಬಹುದು.

ಹೆಜ್ಜೆ 7: ನಿಂತರೆ ಮರುದಿನ ಏನಾಗುತ್ತದೆ

ಸೇರ್ಪಡೆ ನಿಂತ ದಿನ ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡಿರುವ ಐದಾರು ಜನರಿರುತ್ತಾರೆ. ಅವರಿಗೇನು ಮಾಡುತ್ತೀರಿ? ಹಾನಿಯ ಕಾರಣಕ್ಕೆ ನಿಂತಿದ್ದರೆ ತಕ್ಷಣ ಡ್ರಿಪ್ ತೆಗೆಯಬೇಕು. ಪ್ರಯೋಜನಕ್ಕಾಗಿ ನಿಂತಿದ್ದರೆ ಸಲೈನ್ ಗುಂಪಿನಲ್ಲಿದ್ದು ಇನ್ನೂ ಚಿಕಿತ್ಸೆಯ ಅವಧಿಯೊಳಗಿರುವವರಿಗೆ ಔಷಧ ಕೊಡುವ ವ್ಯವಸ್ಥೆ ಇರಬೇಕು. ಎರಡೂ ಸಂದರ್ಭದಲ್ಲಿ ಎಲ್ಲರನ್ನೂ 28 ದಿನದವರೆಗೆ ಗಮನಿಸಬೇಕು. ಮೇಲೆ ಹೇಳಿದ 40 ಜನರ ಫಲಿತಾಂಶವೂ ಅಂತಿಮ ವರದಿಯಲ್ಲಿ ಸೇರಬೇಕು. ಅವರನ್ನು ಸೇರಿಸಿದಾಗ ಪ್ರಯೋಜನ ಸ್ವಲ್ಪ ಕುಗ್ಗಿ ಕಾಣುವ ಸಾಧ್ಯತೆ ಹೆಚ್ಚು. ಬೇಗ ನಿಲ್ಲಿಸಿದ ಟ್ರಯಲ್‌ಗಳು ಪ್ರಯೋಜನವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದು ತಿಳಿದ ವಿಷಯ. ಸಿಟಿಆರ್‌ಐ ನೋಂದಣಿಯನ್ನು ಯಾರು ತಿದ್ದುತ್ತಾರೆ, ಕಮಿಟಿಗೆ ಯಾರು ತಿಳಿಸುತ್ತಾರೆ ಎಂದು ಹುದ್ದೆಯ ಹೆಸರಿನೊಂದಿಗೆ ಬರೆಯಿರಿ.

ಒಪ್ಪಿಗೆ ಪತ್ರದಲ್ಲೂ ಇದರ ಪ್ರಸ್ತಾಪ ಬೇಕು. ಈ ಕಾಯಿಲೆಯಲ್ಲಿ ಎಷ್ಟೋ ಸಲ ರೋಗಿಗೆ ಪ್ರಜ್ಞೆ ಇರುವುದಿಲ್ಲ, ಆಗ ಸಹಿ ಹಾಕುವವರು ಗಾಬರಿಯಲ್ಲಿರುವ ಅಪ್ಪ, ಅಣ್ಣ ಅಥವಾ ಹೆಂಡತಿ. ಅವರಿಗೆ ಇಷ್ಟು ಸಾಕು: ‘ಅರ್ಧದಷ್ಟು ರೋಗಿಗಳ ಫಲಿತಾಂಶ ಬಂದ ಮೇಲೆ ನಮ್ಮ ತಂಡಕ್ಕೆ ಸೇರದ ತಜ್ಞರು ಲೆಕ್ಕ ನೋಡುತ್ತಾರೆ. ಈ ಔಷಧದಿಂದ ತೊಂದರೆ ಹೆಚ್ಚು ಎಂದು ಕಂಡರೆ, ಅಥವಾ ಖಂಡಿತ ಒಳ್ಳೆಯದು ಎಂದು ಗೊತ್ತಾದರೆ ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸುತ್ತೇವೆ, ನಿಮಗೂ ತಿಳಿಸುತ್ತೇವೆ.’

ಕಮಿಟಿಯ ಮುಂದಿಡಬಹುದಾದ ಮಾದರಿ

‘ಮೊದಲ 340 ರೋಗಿಗಳ 28 ದಿನದ ಫಲಿತಾಂಶ ತಿಳಿದ ಮೇಲೆ ಸ್ವತಂತ್ರ ಡಿಎಸ್‌ಎಂಬಿ ಒಮ್ಮೆ ಮಧ್ಯಂತರ ವಿಶ್ಲೇಷಣೆ ನಡೆಸುತ್ತದೆ. ಸಲೈನ್ ಗುಂಪಿನ 170 ಜನರಲ್ಲಿ 34 ಸಾವಾಗಿದ್ದರೆ, ಮೆಗ್ನೀಸಿಯಮ್ ಗುಂಪಿನಲ್ಲಿ 14 ಅಥವಾ ಕಡಿಮೆ ಸಾವಾದಾಗ ಪ್ರಯೋಜನದ ಕಾರಣಕ್ಕೆ, 47 ಅಥವಾ ಹೆಚ್ಚು ಸಾವಾದಾಗ ಹಾನಿಯ ಕಾರಣಕ್ಕೆ ಟ್ರಯಲ್ ನಿಲ್ಲಿಸಲು ಡಿಎಸ್‌ಎಂಬಿ ಸಲಹೆ ನೀಡುತ್ತದೆ. 35ರಿಂದ 46 ಇದ್ದರೆ ಮುಂದುವರಿಸುವುದು ವ್ಯರ್ಥವೇ ಎಂದು ಚರ್ಚಿಸುತ್ತದೆ. ಸಲೈನ್ ಗುಂಪಿನ ಸಾವು ಬೇರೆಯಾಗಿದ್ದರೆ ಗೆರೆಗಳನ್ನು ಇದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಲಾಗುತ್ತದೆ. ವಿಶ್ಲೇಷಣೆ ನಡೆಯುವಾಗ ಸೇರ್ಪಡೆ ಮುಂದುವರಿಯುತ್ತದೆ. ಈ ಅವಧಿಯಲ್ಲಿ ಸುಮಾರು 40 ರೋಗಿಗಳು ಸೇರುವ ನಿರೀಕ್ಷೆಯಿದೆ. ಶಿಫಾರಸಿನ ಪ್ರತಿ ಎಥಿಕ್ಸ್ ಕಮಿಟಿಗೆ ತಲುಪುತ್ತದೆ. ಗುಂಪುವಾರು ಸಂಖ್ಯೆಗಳು ಟ್ರಯಲ್ ಮುಗಿಯುವವರೆಗೆ ಡಿಎಸ್‌ಎಂಬಿಯೊಳಗೇ ಉಳಿಯುತ್ತವೆ.’

ಬದಲಾಯಿಸಬೇಕಾಗಿ ಬಂದರೆ

ಟ್ರಯಲ್ ಶುರುವಾದ ಮೇಲೆ ಎರಡೂ ಗುಂಪು ಸೇರಿದ ಒಟ್ಟು ಸಾವಿನ ಪ್ರಮಾಣ ಅಂದಾಜಿಗಿಂತ ಬಹಳ ಕಡಿಮೆ ಇರಬಹುದು. ಗುಂಪು ಬಿಚ್ಚದೆ ಈ ಒಟ್ಟು ಲೆಕ್ಕವನ್ನಷ್ಟೇ ನೋಡಿ ಸ್ಯಾಂಪಲ್ ಸೈಜ್ ಹೆಚ್ಚಿಸುವುದು ಒಪ್ಪುವಂಥದ್ದು. ನೋಟದ ಸಮಯವನ್ನೂ ಅದಕ್ಕೆ ತಕ್ಕಂತೆ ಮುಂದೂಡಬಹುದು. ಆದರೆ ತಿದ್ದುಪಡಿ ಕಮಿಟಿಯ ಮುಂದೆ ಬರುವ ದಿನಾಂಕ, ಡಿಎಸ್‌ಎಂಬಿ ಮಧ್ಯಂತರ ವಿಶ್ಲೇಷಣೆಯ ಗುಂಪುವಾರು ಲೆಕ್ಕ ನೋಡಿದ ದಿನಾಂಕಕ್ಕಿಂತ ಹಿಂದಿನದಾಗಿರಬೇಕು. ಪ್ರತಿ 100 ರೋಗಿಗಳ ಸುರಕ್ಷತಾ ನೋಟದಲ್ಲೂ ಗುಂಪುವಾರು ಸಾವು ಕಾಣುತ್ತದೆ, ಆದ್ದರಿಂದ ಅದು ಶುರುವಾದ ಮೇಲೆ ತಿದ್ದುಪಡಿ ಕೇಳಿದರೆ, ಆ ಲೆಕ್ಕ ನೋಡದವರೇ ಅದನ್ನು ಸೂಚಿಸಿದ್ದಾರೆ ಎಂಬ ಲಿಖಿತ ಹೇಳಿಕೆ ಜೊತೆಗಿರಬೇಕು. ಅರ್ಜಿ ಬಂದಾಗ ಕಮಿಟಿ ಮೊದಲು ಈ ದಿನಾಂಕಗಳನ್ನೂ ಈ ಹೇಳಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ.